ಫ್ಲಶ್ ಸದ್ದು ಮಂಚದ ತನಕ ಬರುತ್ತೆ, ಏನು ಮಾಡಲಿ?

ನಿದ್ದೆಗೆಟ್ಟವಳು: ಬಾತ್‌ರೂಮಿಗೂ ಮಲಗುವ ಕೋಣೆಗೂ ನಡುವೆ ಒಂದೇ ಗೋಡೆ. ರಾತ್ರಿ ಫ್ಲಶ್ ಮಾಡಿದರೆ ಮೊದಲು ಗುಳುಗುಳು, ಆಮೇಲೆ ಎರಡು ನಿಮಿಷ ಸುಯ್ ಅನ್ನುತ್ತೆ. ದಪ್ಪ ಬಾಗಿಲು ಹಾಕಿಸಿದೆ, ಪ್ರಯೋಜನ ಆಗಲಿಲ್ಲ ಸರ್.

ಶಬ್ದ ಎಂಜಿನಿಯರ್: ಅವು ಎರಡು ಬೇರೆ ಸದ್ದು, ಮೇಡಂ. ಸಿಸ್ಟರ್ನ್ ಕೆಳಗಿನ ಆಂಗಲ್ ವಾಲ್ವ್ ಪೂರ್ತಿ ಮುಚ್ಚಿ ಫ್ಲಶ್ ಮಾಡಿ. ಆಗ ಕೇಳೋದು ನೀರು ಹೊರಹೋಗೋ ಪೈಪಿನದು ಮಾತ್ರ. ನಿಂತ ಮೇಲೆ ವಾಲ್ವ್ ತೆರೆಯಿರಿ, ಆಗಿನದು ತುಂಬೋ ಸದ್ದು. ಎರಡು ಸಲವೂ ಮಲಗುವ ಕೋಣೆ ಕಡೆಯಿಂದ ಗೋಡೆಗೆ ಕಿವಿ ಇಟ್ಟು ನೋಡಿ.

ವಾಟ್ಸಾಪ್ ಮಾವ: ಮೊಟ್ಟೆ ಟ್ರೇ ಅಂಟಿಸಿ, ನೂರಕ್ಕೆ ನೂರು ನಿಲ್ಲುತ್ತೆ. ಫಾರ್ವರ್ಡ್ ಬಂದಿದೆ.

ಶಬ್ದ ಎಂಜಿನಿಯರ್: ನಿಲ್ಲಲ್ಲ. ಕೋಣೆಯೊಳಗಿನ ಪ್ರತಿಧ್ವನಿಯೇ ಸರಿಯಾಗಿ ಕಮ್ಮಿಯಾಗಲ್ಲ, ಇನ್ನು ಗೋಡೆ ದಾಟಿ ಬರೋದನ್ನ ಅದೆಲ್ಲಿ ತಡೆಯುತ್ತೆ? ಜೊತೆಗೆ ಬೆಂಕಿ ತಗುಲಿದರೆ ಬೇಗ ಹತ್ತಿಕೊಳ್ಳುತ್ತೆ.

ನಿದ್ದೆಗೆಟ್ಟವಳು: ನೋಡಿದೆ ಸರ್. ಗುಳುಗುಳು ಮಂಚದ ತಲೆ ಎಡಕ್ಕೆ, ಒಂದು ಅಂಗೈ ಅಗಲದ ಜಾಗದಲ್ಲಿ ಮಾತ್ರ ಜೋರು. ಬಾಗಿಲ ಹತ್ತಿರ ಏನೂ ಇಲ್ಲ.

ಶಬ್ದ ಎಂಜಿನಿಯರ್: ಹಾಗಾದರೆ ಬಾಗಿಲಿನ ತಪ್ಪಿಲ್ಲ. ಪೈಪನ್ನು ಗೋಡೆಯೊಳಗೆ ಇಟ್ಟು ಸಿಮೆಂಟ್ ತುಂಬಿರಬೇಕು. ತೆಳು ಪಿವಿಸಿ ಪೈಪು ನಡುಗಿದರೆ ಸಿಮೆಂಟ್ ಅದನ್ನ ಹಾಗೇ ಗೋಡೆಗೆ ಕೊಡುತ್ತೆ, ಗೋಡೆಯೇ ಸ್ಪೀಕರ್ ಆಗುತ್ತೆ. ಮಲಗುವ ಕೋಣೆ ಕಡೆಯಿಂದ ಆ ಭಾಗ ಬಿಡಿಸಿ. ಟೈಲ್ಸ್ ಕಡೆ ಮುಟ್ಟಬೇಡಿ, ವಾಟರ್‌ಪ್ರೂಫಿಂಗ್ ಹಾಳಾಗುತ್ತೆ. ಅಲ್ಲಿ ಪಿಲ್ಲರ್ ಇದ್ದರೆ ಕೊರೆಯಲೇಬೇಡಿ. ಪೈಪಿಗೆ ಪೂರ್ತಿ ಉದ್ದಕ್ಕೂ ಫೋಮ್ ಸ್ಲೀವ್ ಸುತ್ತಿ, ಕ್ಲಾಂಪಿಗೆ ರಬ್ಬರ್ ಹಾಕಿ. ಮುಚ್ಚುವಾಗ ಗಾರೆಯ ಒಂದು ಉಂಡೆ ಪೈಪಿಗೆ ತಾಗಿದರೂ ಕೆಲಸ ಕೆಟ್ಟಿತು, ಎದುರಿಗೇ ನಿಂತು ನೋಡಿಕೊಳ್ಳಿ. ಸುಯ್ ಅನ್ನೋದಕ್ಕೆ ಸಿಸ್ಟರ್ನಿನ ಒಳಗಿನ ಫಿಲ್ ವಾಲ್ವ್ ಬದಲಿಸಿ ನೋಡಿ; ನೀರಿನ ಒತ್ತಡ ಜಾಸ್ತಿ ಇದ್ದರೆ ಒತ್ತಡ ಇಳಿಸೋ ವಾಲ್ವ್ ಬೇಕು. ಆಂಗಲ್ ವಾಲ್ವ್ ಅರ್ಧ ಮುಚ್ಚಿದರೆ ಕೆಲವೊಮ್ಮೆ ಅದೇ ಸುಯ್ಗುಡುತ್ತೆ.

ಬಡಗಿ ಅಣ್ಣ: ನಾನಂತೂ ಬಾಗಿಲ ಕೆಳಗೆ ರಬ್ಬರ್ ಪಟ್ಟಿ ಹೊಡೀತೀನಿ, ಶವರ್ ಸದ್ದು ಅರ್ಧಕ್ಕೆ ಇಳಿಯುತ್ತೆ.

ಶಬ್ದ ಎಂಜಿನಿಯರ್: ಶವರ್ ಸದ್ದು ಬಾಗಿಲ ಸಂದಿಯಿಂದ ಬರ್ತಿದ್ದರೆ ಇಳಿಯುತ್ತೆ. ಆದರೆ ಆ ಸಂದಿಯಿಂದಲೇ ಎಕ್ಸಾಸ್ಟ್ ಫ್ಯಾನಿಗೆ ಗಾಳಿ ಬರೋದು. ಬೇರೆ ದಾರಿ ಬಿಡದೆ ಮುಚ್ಚಿದರೆ ಬೂಷ್ಟು.

ಗಾರೆ ಕೆಲಸದವನು: ಅಷ್ಟೆಲ್ಲ ಯಾಕೆ, ಇನ್ನೊಂದು ಕೋಟ್ ಪ್ಲಾಸ್ಟರ್ ಸಾಕು.

ಬಡಗಿ ಅಣ್ಣ: ನಿಮಗೆ ಎಲ್ಲದಕ್ಕೂ ಪ್ಲಾಸ್ಟರೇ!

ಗಾರೆ ಕೆಲಸದವನು: ನಿಮಗೆ ಎಲ್ಲದಕ್ಕೂ ರಬ್ಬರ್! ನಾನು ಗೋಡೆ ಕಟ್ಟೋವಾಗ ನೀವು ಎಲ್ಲಿದ್ರಿ?

ಶಬ್ದ ಎಂಜಿನಿಯರ್: ಗೋಡೆಯ ತೂಕ ಎರಡು ಪಟ್ಟಾದರೂ ಗಾಳಿಯಲ್ಲಿ ಬರೋ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತೆ, ಅಷ್ಟೆ. ಒಂದು ಕೋಟ್ ಎಷ್ಟರ ಮಟ್ಟಿಗೆ? ಪೈಪು ತಾಗಿಯೇ ಇದ್ದರೆ ಅದೂ ಇಲ್ಲ.

ಬಾಡಿಗೆದಾರ: ಬಾಡಿಗೆ ಮನೆ, ಗೋಡೆ ಒಡೆಯೋ ಹಾಗಿಲ್ಲ. ನಮಗೇನಾದರೂ ದಾರಿ?

ಮೇಲ್ಮನೆ ಅಕ್ಕ: ನಮ್ಮ ಬಾತ್‌ರೂಮ್ ಗೋಡೆಯಲ್ಲಿ ಒದ್ದೆ ಕಲೆ ಬಂದಿದೆ, ಅದೂ ಸದ್ದಿನಿಂದಾನಾ?

ಶಬ್ದ ಎಂಜಿನಿಯರ್: ಅದು ಸೋರಿಕೆ. ಪ್ಲಂಬರ್ ಕರೀರಿ.

ವಾಟ್ಸಾಪ್ ಮಾವ: ಮೊಟ್ಟೆ ಟ್ರೇಗೆ ಫೋಮ್ ಸೇರಿಸಿದರೆ?

ಶಬ್ದ ಎಂಜಿನಿಯರ್: ಮೇಲೆ ಓದಿ.