ಸಹಾಯ ಬೇಕು: ಸ್ವರಸಾಲಿನ ಕೋಷ್ಟಕದಲ್ಲಿ RI0 ಯಾವುದು?

ಹನ್ನೆರಡು ಸ್ವರಗಳ ಪದ್ಧತಿ ಕಲಿಯುತ್ತಿದ್ದೇನೆ. ಅಭ್ಯಾಸಕ್ಕೆ ಶೋನ್‌ಬರ್ಗ್ ಅವರ ಪಿಯಾನೋ ಸೂಟ್, ಓಪಸ್ 25ರ ಸಾಲನ್ನು ತೆಗೆದುಕೊಂಡೆ. ಮೊದಲ ಸ್ವರ E ಅನ್ನು 0 ಎಂದಿಟ್ಟರೆ ಸಾಲು ಹೀಗಿದೆ:

```
0 1 3 9 2 11 4 10 7 8 5 6
```

ಇದು ಮೂಲರೂಪ P0, ಕೋಷ್ಟಕದ ಮೊದಲ ಅಡ್ಡಸಾಲು. ಪ್ರತಿ ಸಂಖ್ಯೆಯನ್ನು 12ರಿಂದ ಕಳೆದು (0 ಹಾಗೆಯೇ ಉಳಿಯುತ್ತದೆ) ಬಂದ ವಿಲೋಮ I0 ಅನ್ನು ಮೊದಲ ಕಂಬದಲ್ಲಿ ಬರೆದೆ. ಕಂಬದ ಸಂಖ್ಯೆಯನ್ನು ಮೊದಲ ಸಾಲಿಗೆ ಕೂಡಿಸುತ್ತಾ, 12 ಅಥವಾ ಹೆಚ್ಚಾದರೆ 12 ಕಳೆಯುತ್ತಾ ಉಳಿದ ಮನೆಗಳನ್ನು ತುಂಬಿದೆ. ಕರ್ಣದುದ್ದಕ್ಕೂ 0 ಬಂದಿದೆ, ಹಾಗಾಗಿ ಲೆಕ್ಕ ಸರಿ. ಬಲದಿಂದ ಎಡಕ್ಕೆ ಓದಿದರೆ ಹಿಮ್ಮುಖ R, ಕೆಳಗಿನಿಂದ ಮೇಲಕ್ಕೆ ಓದಿದರೆ RI. ಇಷ್ಟು ಸ್ಪಷ್ಟ.

ಗೊಂದಲ ಮುಂದಿದೆ. ಈ ಸಾಲಿನಲ್ಲಿ I0 ಅನ್ನು ಹಿಮ್ಮುಖ ಮಾಡಿದರೂ, R0 ಅನ್ನು ಅದರ ಮೊದಲ ಸ್ವರದ ಸುತ್ತ ವಿಲೋಮ ಮಾಡಿದರೂ ಒಂದೇ ಉತ್ತರ: 6 7 4 5... ಸಾಲು 6ರಲ್ಲಿ ಮುಗಿಯುವುದೇ ಕಾರಣವೆಂದು ನನ್ನ ಊಹೆ. ಏಕೆಂದರೆ 4ರಲ್ಲಿ ಮುಗಿಯುವ ನನ್ನದೇ ಸಾಲಿನಲ್ಲಿ ಮೊದಲ ದಾರಿ 8ರಿಂದ, ಎರಡನೆಯದು 4ರಿಂದ ಆರಂಭವಾಗುತ್ತದೆ. ಎರಡನೆಯದು ಕೋಷ್ಟಕದಲ್ಲಿ I8 ಕಂಬವನ್ನು ಕೆಳಗಿನಿಂದ ಓದಿದಾಗ ಸಿಗುತ್ತದೆ.

ವಿಶ್ಲೇಷಣೆಯಲ್ಲಿ RI0 ಎಂದು ಬರೆಯಬೇಕಾದದ್ದು ಇವೆರಡರಲ್ಲಿ ಯಾವುದನ್ನು? RIಯ ಜೊತೆಗಿನ ಸಂಖ್ಯೆ ಅದರ ಮೊದಲ ಸ್ವರದ್ದೇ, ಕೊನೆಯ ಸ್ವರದ್ದೇ?