ಸಹಾಯ ಬೇಕು: ವರ್ಡ್ ಟೇಬಲ್‌ನಲ್ಲಿ ದಶಮಾಂಶ ಬಿಂದು ಜೋಡಿಸುವುದು

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯ ಅಡಿಕೆ ತೋಟಗಳ ಇಳುವರಿ ಬಗ್ಗೆ ಪ್ರಬಂಧ ಬರೆಯುತ್ತಿದ್ದೇನೆ. SPSS ಕೊಟ್ಟ ರಿಗ್ರೆಶನ್ ಟೇಬಲನ್ನು ಜರ್ನಲ್‌ಗೆ ತಕ್ಕಂತೆ ಮಾಡಬೇಕು. ಉದ್ದಗೆರೆ ಎಲ್ಲ ತೆಗೆದು ಮೂರೇ ಅಡ್ಡಗೆರೆ ಉಳಿಸಿದ್ದೇನೆ. .000 ಅಂತ ಇದ್ದ p ಬೆಲೆಯನ್ನು <0.001 ಮಾಡಿದೆ, ಅದು ನಿಜಕ್ಕೂ ಸೊನ್ನೆ ಅಲ್ಲ ಅಲ್ವಾ.

ತೊಡಕಿರುವುದು ಬಿಂದುವಿನಲ್ಲಿ. ಸೆಲ್ ಮಧ್ಯಕ್ಕೆ ಜೋಡಿಸಿದ್ದಾಗ 12.40 ಕೆಳಗಿನ −0.37ರ ಬಿಂದು ಪಕ್ಕಕ್ಕೆ ಸರಿಯುತ್ತಿತ್ತು. ಎಡಕ್ಕೆ ಜೋಡಿಸಿ ಡೆಸಿಮಲ್ ಟ್ಯಾಬ್ ಇಟ್ಟ ಮೇಲೆ ಅಂಕಿಗಳು ಸಾಲಾಗಿ ನಿಂತವು. ಆದರೆ ಕಾಲಂ ತಲೆಬರಹಕ್ಕೂ ಅದೇ ಟ್ಯಾಬ್ ಹಿಡಿದು, ಅದು ಎಡಕ್ಕೆ ಸರಿದು ಮುರಿದುಹೋಗಿದೆ. ತಲೆಸಾಲಿನಿಂದ ಮಾತ್ರ ಟ್ಯಾಬ್ ತೆಗೆಯುವುದು ಹೇಗೆ?

ಇನ್ನೊಂದು. SE ಅಂದರೆ ಏನು, n ಎಷ್ಟು ಅಂತ ಹೇಳುವ ಟಿಪ್ಪಣಿಯನ್ನು ಟೇಬಲ್‌ನ ಕೊನೆ ಸಾಲಾಗಿ ಇಡಬೇಕಾ, ಕೆಳಗೆ ಬೇರೆ ಪ್ಯಾರಾ ಮಾಡಬೇಕಾ?