ವೈರಲ್ ಆದ ಒಂದೇ ವಿಡಿಯೋದಿಂದ ಸರಾಸರಿ ಎಲ್ಲೋ ಹೋಗಿದೆ, ಅಂಗಡಿಯವರಿಗೆ ಯಾವ ಸಂಖ್ಯೆ ಹೇಳಬೇಕು?

ಹೊಲಿಗೆಮನೆ

ನಮಸ್ಕಾರ. ಹಳೆ ಹೊಲಿಗೆ ಮಷೀನ್ ರಿಪೇರಿ ಬಗ್ಗೆ ನನ್ನದೊಂದು ಯೂಟ್ಯೂಬ್ ಚಾನೆಲ್ ಇದೆ. 11 ವಿಡಿಯೋ ಹಾಕಿದ್ದೆ. ಬಟ್ಟೆಯ ಅಡಿಯಲ್ಲಿ ದಾರ ಗಂಟು ಬೀಳುವುದನ್ನು ಸರಿಮಾಡುವ ವಿಡಿಯೋ ಒಂದು ವೈರಲ್ ಆಯಿತು. ಅದನ್ನು ನೋಡಿ ನಮ್ಮೂರ ಬಿಡಿಭಾಗದ ಅಂಗಡಿಯವರು ಜಾಹೀರಾತು ಕೊಡುತ್ತೇವೆ ಅಂದರು. ಒಂದು ವಿಡಿಯೋಗೆ ಎಷ್ಟು ವ್ಯೂಸ್ ಬರುತ್ತೆ ಅಂತ ಕೇಳಿದರು.

ಸ್ಟುಡಿಯೋದಿಂದ ಪಟ್ಟಿ ಇಳಿಸಿಕೊಂಡು, ಹೆಸರು ಮತ್ತು ವ್ಯೂಸ್ ಮಾತ್ರ ಬೇರೆ ಶೀಟಿಗೆ ಹಾಕಿ ಸರಾಸರಿ ತೆಗೆದೆ. 36,667 ಬಂತು. ಅದನ್ನೇ ಹೇಳಿದೆ. ಅವರ ಜಾಹೀರಾತು ಇದ್ದ ವಿಡಿಯೋಗೆ 30 ದಿನದಲ್ಲಿ ಬಂದಿದ್ದು ಬರೀ 950. ಈಗ ಅವರು ನಾನು ಸುಳ್ಳು ಹೇಳಿದೆ ಅಂದುಕೊಂಡಿದ್ದಾರೆ. ರಾತ್ರಿ ನಿದ್ದೆ ಬರ್ತಿಲ್ಲ. ಎಲ್ಲಿ ತಪ್ಪಿದೆ ಹೇಳಿ.

ಆ 11ರ ವ್ಯೂಸ್ ಇವು: 620, 710, 780, 840, 890, 930, 980, 1,050, 1,140, 1,260, 2,10,800.

```
=AVERAGE(B2:B13)
```

ಮಲೆನಾಡ್_ವ್ಲಾಗ್

ಅಕ್ಕ, ವ್ಯೂಸ್ ಹಿಂಗೆ ಬಿದ್ದರೆ ಮೊದಲು ತಂಬ್‌ನೇಲ್ ಬದಲಾಯಿಸಿ ನೋಡಿ. ನನಗೂ ಹಾಗೇ ಆಗಿತ್ತು. ವಾರಕ್ಕೆ ಎರಡು ವಿಡಿಯೋ ಹಾಕಿದ ಮೇಲೆ ಸರಿ ಹೋಯ್ತು.

ಹೊಲಿಗೆಮನೆ

ವ್ಯೂಸ್ ಬಿದ್ದಿಲ್ಲ ತಮ್ಮಾ. ಮೊದಲೂ ಹೆಚ್ಚುಕಡಿಮೆ ಇಷ್ಟೇ ಬರ್ತಿತ್ತು. ನಾನು ಹೇಳಿದ ಸಂಖ್ಯೆ ಯಾಕೆ ಇಷ್ಟು ದೊಡ್ಡದಾಯ್ತು ಅನ್ನೋದೇ ನನ್ನ ಪ್ರಶ್ನೆ.

ಅಂಕಿಗಾರ

ಮೇಡಂ, ಎರಡು ತಪ್ಪು ಸೇರಿಕೊಂಡಿವೆ.

ಮೊದಲನೆಯದು ಚಿಕ್ಕದು. ನಿಮ್ಮ ಶೀಟಿನ ಎರಡನೇ ಸಾಲು ನೋಡಿ. ಅಲ್ಲಿ `Total` ಅಂತ ಇರುತ್ತೆ. ಸ್ಟುಡಿಯೋ ಕೊಡುವ ಪಟ್ಟಿಯಲ್ಲಿ ಮೊದಲ ಸಾಲೇ ಎಲ್ಲ ವಿಡಿಯೋಗಳ ಒಟ್ಟು ಮೊತ್ತ. 11 ವಿಡಿಯೋ ಇದ್ದರೂ ನೀವು B2ರಿಂದ B13ರವರೆಗೆ 12 ಸಾಲು ತೆಗೆದುಕೊಂಡಿದ್ದೀರಿ. 2,20,000 ಅನ್ನೋ ಒಟ್ಟು ಮೊತ್ತವೂ ಒಂದು ವಿಡಿಯೋ ಥರ ಲೆಕ್ಕಕ್ಕೆ ಬಂದುಬಿಟ್ಟಿದೆ. ಅದನ್ನು ಬಿಟ್ಟರೆ ಸರಾಸರಿ 20,000.

ಎರಡನೆಯದು ದೊಡ್ಡದು. ಈ 20,000 ಲೆಕ್ಕವಾಗಿ ಸರಿ, ಆದರೆ ಅಂಗಡಿಯವರ ಪ್ರಶ್ನೆಗೆ ಉತ್ತರ ಅಲ್ಲ. ನಿಮ್ಮ ಪಟ್ಟಿಯಲ್ಲಿ 20,000ದ ಹತ್ತಿರ ಇರೋ ವಿಡಿಯೋ ಒಂದಾದರೂ ಇದೆಯಾ? ಹತ್ತು ವಿಡಿಯೋ 1,300ರ ಒಳಗಿವೆ, ಒಂದು ಎರಡು ಲಕ್ಷ ದಾಟಿದೆ. ಸರಾಸರಿ ಮಾಡುವುದು ಅಂದರೆ ಆ ಒಂದರ ವ್ಯೂಸನ್ನು ಹನ್ನೊಂದಕ್ಕೂ ಸಮನಾಗಿ ಹಂಚಿದ ಹಾಗೆ. ನಿಜದಲ್ಲಿ ಅವು ಹಂಚಿಹೋಗಿಲ್ಲ, ಒಂದೇ ಕಡೆ ಇವೆ.

ಸ್ಕೂಲಲ್ಲಿ ಮಧ್ಯಾಂಕ ಅಂತ ಓದಿರ್ತೀರಿ, ಶೀಟಿನಲ್ಲಿ ಅದೇ ಮೀಡಿಯನ್. ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ನೋಡಿ. ಹನ್ನೊಂದರಲ್ಲಿ ಆರನೆಯದು, 930. ನಿಮ್ಮ ಮುಂದಿನ ವಿಡಿಯೋ ಅದಕ್ಕಿಂತ ಮೇಲೆ ಹೋಗೋದೂ ಕೆಳಗೆ ನಿಲ್ಲೋದೂ ಹೆಚ್ಚುಕಡಿಮೆ ಸಮ. ಬಂದಿದ್ದು 950, ಅಲ್ವಾ?

```
=MEDIAN(B3:B13)
```

ಇನ್ನೊಂದು ನೋಡಿ. ಆ ವೈರಲ್ ವಿಡಿಯೋ 21 ಲಕ್ಷ ಮುಟ್ಟಿದರೆ ಸರಾಸರಿ 1,91,000 ದಾಟುತ್ತೆ. ಮೀಡಿಯನ್ ಆಗಲೂ 930. `Total` ಸಾಲು ತಪ್ಪಾಗಿ ಸೇರಿದ್ದಾಗಲೂ ಅದು 955ಕ್ಕೆ ಹೋಗುತ್ತಿತ್ತು, ಅಷ್ಟೇ. ಕೊನೆಯಲ್ಲಿ ಇರೋದು ಎಷ್ಟು ದೊಡ್ಡದು ಅಂತ ಅದು ನೋಡೋದೇ ಇಲ್ಲ, ನಡುವಿಗಿಂತ ಮೇಲಿದೆ ಅನ್ನೋದು ಮಾತ್ರ ಅದಕ್ಕೆ ಬೇಕು.

ಕೆರೆದಂಡೆ

ಇಷ್ಟೆಲ್ಲ ಯಾಕೆ ಸರ್? ವೈರಲ್ ಆಗಿದ್ದನ್ನು ತೆಗೆದು ಉಳಿದ ಹತ್ತರ ಸರಾಸರಿ ಹಾಕಿದರೆ 920 ಬರುತ್ತೆ. ಅದೇ ಅಲ್ವಾ?

ಅಂಕಿಗಾರ

ಇಲ್ಲಿ ಅದೇ, ಒಪ್ತೀನಿ. ಇವರ ಪಟ್ಟಿಯಲ್ಲಿ 1,260 ಆದ ಮೇಲೆ ಒಮ್ಮೆಲೇ 2,10,800. ಯಾವುದನ್ನು ತೆಗೆಯಬೇಕು ಅಂತ ಕಣ್ಣಿಗೇ ಕಾಣುತ್ತೆ. ನಡುವೆ 3,000ದ್ದೊಂದು, 7,000ದ್ದೊಂದು, 25,000ದ್ದೊಂದು ಇದ್ದಿದ್ದರೆ? ಎಲ್ಲಿ ಕತ್ತರಿಸೋದು? 25,000ದ್ದನ್ನು ಇಟ್ಟುಕೊಳ್ಳೋಣ ಅಂತ ನಮ್ಮ ಮನಸ್ಸೇ ಹೇಳುತ್ತೆ. ಜಾಹೀರಾತು ಕೊಡುವವರು ಅದನ್ನೂ ತೆಗೀರಿ ಅಂತಾರೆ. ಮೀಡಿಯನ್‌ನಲ್ಲಿ ಆ ಜಗಳವೇ ಇಲ್ಲ, ಯಾವುದನ್ನೂ ತೆಗೆಯಬೇಕಾಗಿಲ್ಲ.

ರಂಗೋಲಿ_ಪುಟ

ನನ್ನ ಚಾನೆಲ್‌ಗೂ ಈಗಲೇ ಹಾಕಿ ನೋಡಿದೆ. ಹತ್ತು ವಿಡಿಯೋಗೆ ಮೀಡಿಯನ್ 4,325 ಬಂತು. ಆದರೆ ನನ್ನ ಯಾವ ವಿಡಿಯೋನೂ 4,000ದ ಆಸುಪಾಸಿನಲ್ಲಿ ಇಲ್ಲ. ಐದು ಉದ್ದದ ವಿಡಿಯೋ, 450ಕ್ಕಿಂತ ಜಾಸ್ತಿ ಯಾವುದೂ ಹೋಗಿಲ್ಲ. ಐದು ಶಾರ್ಟ್ಸ್, ಎಲ್ಲಾ 8,200ರ ಮೇಲೆ. ಮೀಡಿಯನ್ನೂ ಮೋಸ ಮಾಡುತ್ತಲ್ಲ?

ಅಂಕಿಗಾರ

ಒಳ್ಳೆ ಉದಾಹರಣೆ ತಂದಿರಿ. ನಿಮ್ಮದು ಎರಡು ಗುಂಪು, ನಡುವೆ ಖಾಲಿ. 450 ಮತ್ತು 8,200ರ ನಡುಮಧ್ಯೆ ಹೋಗಿ ನಿಂತಿದೆ ಅದು. ಶಾರ್ಟ್ಸ್ ಮತ್ತು ಉದ್ದದ ವಿಡಿಯೋ ಯಾವತ್ತೂ ಒಂದೇ ಪಟ್ಟಿಗೆ ಹಾಕಬೇಡಿ. 2025ರ ಮಾರ್ಚ್ 31ರಿಂದ ಶಾರ್ಟ್ಸ್ ಶುರುವಾದರೆ ಸಾಕು, ಮತ್ತೆ ಪ್ಲೇ ಆದರೂ ಸಾಕು, ಒಂದು ವ್ಯೂ ಅಂತ ಎಣಿಸುತ್ತಿದ್ದಾರೆ. ಉದ್ದದ ವಿಡಿಯೋದ ವ್ಯೂ ಬೇರೆ, ಇದು ಬೇರೆ. ಎರಡಕ್ಕೂ ಬೇರೆ ಬೇರೆ ಮೀಡಿಯನ್ ತೆಗೀರಿ.

ಹೊಲಿಗೆಮನೆ ಮೇಡಂ, ನಿಮ್ಮದೂ ಇನ್ನೊಂದು ಕೇಳಬೇಕು. ಆ 11 ಸಂಖ್ಯೆ ಇವತ್ತಿನವರೆಗಿನವೇ? ಹೊಸ ವಿಡಿಯೋಗೆ 30 ದಿನ ಮಾತ್ರ ಆಗಿದೆ. ಹಳೆಯವಕ್ಕೆ ತಿಂಗಳುಗಟ್ಟಲೆ ಸಿಕ್ಕಿದೆ. ಪ್ರತಿಯೊಂದಕ್ಕೂ ಹಾಕಿದ ದಿನದಿಂದ 30 ದಿನದ ವ್ಯೂಸ್ ಮಾತ್ರ ತೆಗೆದು ಮತ್ತೆ ಲೆಕ್ಕ ಹಾಕಿ.

ಹೊಲಿಗೆಮನೆ

ಒಂದೊಂದೇ ತೆರೆದು ದಿನಾಂಕ ಹಾಕಿ ಬರೆದುಕೊಂಡೆ, ಇಡೀ ಸಂಜೆ ಬೇಕಾಯ್ತು. 410, 480, 530, 560, 600, 640, 670, 720, 760, 830, 1,900. ಮೀಡಿಯನ್ 640.

ಕೊನೆಯ 1,900 ಯಾವುದು ಗೊತ್ತಾ? ಅದೇ ವೈರಲ್ ವಿಡಿಯೋ! ಮೊದಲ ತಿಂಗಳು ಅದಕ್ಕೂ ಅಷ್ಟೇ ಬಂದಿತ್ತು. ನಾಲ್ಕನೇ ತಿಂಗಳಲ್ಲಿ ಮೇಲೆದ್ದಿದ್ದು. ಅಂದರೆ ಅಂಗಡಿಯವರ ವಿಡಿಯೋ 950, ನನ್ನ ಚಾನೆಲ್‌ನಲ್ಲಿ ಮೊದಲ ತಿಂಗಳಿಗೆ ಎರಡನೇ ಸ್ಥಾನ. ಅದು ಸೋತಿದೆ ಅಂತ ನಾನೇ ನಂಬಿಬಿಟ್ಟಿದ್ದೆ.

ಅಂಕಿಗಾರ

ನೋಡಿ, ವಿಡಿಯೋ ಚೆನ್ನಾಗೇ ಓಡಿದೆ. ತಪ್ಪಿದ್ದು ನೀವು ಕೊಟ್ಟ ಸಂಖ್ಯೆ. ಅಂಗಡಿಯವರಿಗೆ 640 ಅಂತ ಒಂದೇ ಸಂಖ್ಯೆ ಹೇಳಬೇಡಿ. ನಡುವಿನ ಅರ್ಧದಷ್ಟು ವಿಡಿಯೋಗಳು ಎಲ್ಲಿಂದ ಎಲ್ಲಿಗೆ ಇವೆ ಅಂತಲೂ ಹೇಳಿ. ನಿಮ್ಮದು 545ರಿಂದ 740.

```
=QUARTILE(B3:B13,1)
=QUARTILE(B3:B13,3)
```

ಹನ್ನೊಂದೇ ವಿಡಿಯೋ ಇರೋದರಿಂದ ಇನ್ನೂ ನಾಲ್ಕೈದು ಹಾಕಿದರೆ ಇದು ಸ್ವಲ್ಪ ಅತ್ತಿತ್ತ ಆಗುತ್ತೆ. ಅದನ್ನೂ ಮುಚ್ಚಿಡದೆ ಹೇಳಿಬಿಡಿ.

ಕೆರೆದಂಡೆ

ನಾನು ಒಂದು ಮಾತು ಒಪ್ಪಲ್ಲ ಸರ್. ಎರಡು ಲಕ್ಷ ಜನ ನೋಡಿದ್ದೂ ಅಕ್ಕನ ಕೆಲಸವೇ. ಮೀಡಿಯನ್ ಅದನ್ನು ಲೆಕ್ಕಕ್ಕೇ ಇಡಲ್ಲ. ಯೂಟ್ಯೂಬ್‌ನಿಂದ ದುಡ್ಡು ಬಂದರೆ ಜಾಸ್ತಿ ಭಾಗ ಆ ಒಂದರಿಂದಲೇ ಬರುತ್ತೆ.

ಅಂಕಿಗಾರ

ಅದು ನಿಜ. ಒಟ್ಟು ಎಷ್ಟು ಅನ್ನೋ ಪ್ರಶ್ನೆಗೆ ಸರಾಸರಿಯೇ ಬೇಕು. 930ನ್ನು 11ರಿಂದ ಗುಣಿಸಿದರೆ 10,230 ಬರುತ್ತೆ, ನಿಜವಾದ 2,20,000 ಎಲ್ಲಿ, ಇದೆಲ್ಲಿ? ಅಂಗಡಿಯವರು ಕೇಳಿದ್ದು ಮುಂದಿನ ಒಂದು ವಿಡಿಯೋ ಬಗ್ಗೆ, ಅದಕ್ಕೇ ನಾನು ಮೀಡಿಯನ್ ಅಂದೆ. ಮುಂದಿನದೂ ವೈರಲ್ ಆಗಬಹುದು ಅನ್ನೋದಕ್ಕೆ ಎಷ್ಟು ಬೆಲೆ ಕಟ್ಟಬೇಕು ಅಂತ ಹನ್ನೊಂದರಲ್ಲಿ ಒಂದು ಸಲ ಆಗಿದ್ದನ್ನು ಇಟ್ಟುಕೊಂಡು ಹೇಳೋಕೆ ಆಗಲ್ಲ.

ಕೆರೆದಂಡೆ

ಹಾಗಾದರೆ ಅಕ್ಕ, ಆ ವೈರಲ್ ವಿಡಿಯೋ ಈಗಲೂ ಓಡ್ತಾ ಇದೆಯಲ್ಲ, ಅದರ ಪಿನ್ ಕಾಮೆಂಟಿನಲ್ಲಿ ಅಂಗಡಿ ಹೆಸರು, ವಿಳಾಸ ಹಾಕಿ. ಜಾಹೀರಾತು ಅಂತ ಸ್ಪಷ್ಟವಾಗಿ ಬರೆಯಿರಿ.

ಹೊಲಿಗೆಮನೆ

ಇದು ಹೊಳೆದೇ ಇರಲಿಲ್ಲ. ನಾಳೆ ಶೀಟಿನ ಪ್ರಿಂಟ್ ತಗೊಂಡು ಅಂಗಡಿಗೇ ಹೋಗ್ತೀನಿ. 36,667 ಹೇಗೆ ಬಂತು ಅಂತ ಮೊದಲು ಒಪ್ಪಿಕೊಂಡು, ಆಮೇಲೆ 640 ತೋರಿಸ್ತೀನಿ. ಅರ್ಧ ದುಡ್ಡು ವಾಪಸ್ ಕೇಳಿದರೆ ಕೊಡಬೇಕಾ ಅಂತ ಇನ್ನೂ ಗೊತ್ತಾಗ್ತಿಲ್ಲ. ಏನಾಯ್ತು ಅಂತ ಬಂದು ಬರೀತೀನಿ.